ಯುಪಿಐ ಅರ್ಧ ಕೆಟ್ಟಾಗ ನಮಗೆ ಏನು ಹೇಳಬೇಕು? ಬ್ಯಾಂಕು, ಆಪ್‌ಗಳಿಗೆ ಒಂದು ಬಹಿರಂಗ ಪತ್ರ

ಬ್ಯಾಂಕುಗಳಲ್ಲಿ, ಪೇಮೆಂಟ್ ಆಪ್ ಕಂಪನಿಗಳಲ್ಲಿ ಕೂತು ಗ್ರಾಹಕರಿಗೆ ಸಂದೇಶ ಬರೆಯುವ ಎಲ್ಲರಿಗೂ,

ನಮಸ್ಕಾರ.

2025ರ ಏಪ್ರಿಲ್ 12, ಶನಿವಾರ. ಆವತ್ತು ಯುಪಿಐ ದೇಶದ ತುಂಬಾ ಕೈಕೊಟ್ಟಿತ್ತು. ಪೂರ್ತಿ ನಿಂತಿರಲಿಲ್ಲ. ಒಬ್ಬರ ದುಡ್ಡು ಹೋಗುತ್ತಿತ್ತು, ಪಕ್ಕದಲ್ಲಿ ನಿಂತವರದು ಹೋಗುತ್ತಿರಲಿಲ್ಲ. ಯುಪಿಐ ನಡೆಸುವ ಎನ್‌ಪಿಸಿಐ ಎಕ್ಸ್‌ನಲ್ಲಿ ಒಂದು ಸಂದೇಶ ಹಾಕಿತು. ಆಗಾಗ ತಾಂತ್ರಿಕ ತೊಂದರೆ ಆಗುತ್ತಿದೆ, ಅದರಿಂದ ಯುಪಿಐ ಪಾವತಿಗಳು ಭಾಗಶಃ ವಿಫಲವಾಗುತ್ತಿವೆ, ಸರಿಪಡಿಸುತ್ತಿದ್ದೇವೆ, ತಿಳಿಸುತ್ತಿರುತ್ತೇವೆ, ಅಡಚಣೆಗೆ ವಿಷಾದಿಸುತ್ತೇವೆ ಅನ್ನುವುದು ಅದರ ಸಾರಾಂಶ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ತೊಂದರೆ ಇದೆ ಅಂತ ಬಾಯಿಬಿಟ್ಟು ಹೇಳಿದ್ದೂ ಒಳ್ಳೆಯದೇ. ಆದರೆ ಅಂಗಡಿ ಮುಂದೆ ಮೊಬೈಲ್ ಹಿಡಿದು ನಿಂತವರಿಗೆ ಬೇಕಾಗಿದ್ದ ಉತ್ತರ ಅದರಲ್ಲಿ ಇರಲಿಲ್ಲ. ನನ್ನ ದುಡ್ಡು ಈಗ ಎಲ್ಲಿದೆ? ಇನ್ನೊಂದು ಸಲ ಕಳಿಸಲಾ, ಬೇಡ್ವಾ?

ನಾನು ಹಲವು ವರ್ಷ ಇಂಥ ಸಂದೇಶ ಬರೆಯುವ ಕೆಲಸದಲ್ಲೇ ಇದ್ದೆ. ಹಾಗಾಗಿ ನಿಮ್ಮ ಕಷ್ಟ ಗೊತ್ತು. ಒಂದು ಕಡೆ ಇಂಜಿನಿಯರುಗಳು ಫೋನ್ ಎತ್ತಲ್ಲ, ಇನ್ನೊಂದು ಕಡೆ ಮ್ಯಾನೇಜರ್ ಬಂದು ಹಿಂದೆ ನಿಂತಿರುತ್ತಾರೆ. ಆ ಗಡಿಬಿಡಿಯಲ್ಲಿ ಹಳೆಯ ಸಾಲನ್ನೇ ತೆಗೆದು ಅಂಟಿಸಿ ಕೈತೊಳೆದುಕೊಳ್ಳೋಣ ಅನಿಸುತ್ತದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸೇವೆ ಕೆಟ್ಟಿರುವಾಗ ಹೊರಡುವ ಸಂದೇಶವನ್ನು ಎಲ್ಲರೂ ಮರ್ಯಾದೆಯ ವಿಷಯ ಅಂದುಕೊಂಡಿದ್ದಾರೆ. ನನ್ನ ಮಟ್ಟಿಗೆ ಅದು ರಿಪೇರಿಯ ಕೆಲಸ.

ಯಾಕೆ ಅಂತ ಅದೇ ಏಪ್ರಿಲ್ 12ರ ಪ್ರಕರಣ ತೋರಿಸಿಕೊಡುತ್ತದೆ. ಆಮೇಲೆ ಎನ್‌ಪಿಸಿಐ ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಒಂದು ಪಾವತಿ ಏನಾಯಿತು ಅಂತ ಬ್ಯಾಂಕಿನ ಯಂತ್ರಗಳು ಎನ್‌ಪಿಸಿಐಯನ್ನು ಕೇಳಬಹುದು. ‘ಆ ಪಾವತಿ ಆಯ್ತಾ? ಆಯ್ತಾ?’ ಅನ್ನುವ ಪ್ರಶ್ನೆ ಅದು. ಕೆಲವು ಬ್ಯಾಂಕುಗಳ ಯಂತ್ರಗಳು ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದವು, ಎಂದೋ ಮುಗಿದುಹೋದ ಹಳೆಯ ಪಾವತಿಗಳ ಬಗ್ಗೆಯೂ ಕೇಳುತ್ತಿದ್ದವು. ಆ ಪ್ರಶ್ನೆಗಳ ಹೊರೆಗೇ ವ್ಯವಸ್ಥೆ ಬಗ್ಗಿತು. ಅದಾದ ಮೇಲೆ ಅದೇ ತಿಂಗಳು ಬ್ಯಾಂಕುಗಳಿಗೆ ಸುತ್ತೋಲೆ ಹೋಯಿತು. ಪಾವತಿ ಶುರುವಾಗಿ 90 ಸೆಕೆಂಡ್ ಆಗುವ ತನಕ ಕೇಳಬೇಡಿ, ಆಮೇಲೂ ಎರಡು ಗಂಟೆಯೊಳಗೆ ಮೂರು ಸಲಕ್ಕಿಂತ ಜಾಸ್ತಿ ಕೇಳಬೇಡಿ ಅಂತ. ಅದೇ ವರ್ಷ ಆಗಸ್ಟ್ 1ರಿಂದ ನಮಗೂ ಒಂದು ಮಿತಿ ಬಂತು. ಒಂದು ಆಪ್‌ನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವ ಹಾಗಿಲ್ಲ.

ಯಂತ್ರ ಮಾಡಿದ್ದನ್ನೇ ಮನುಷ್ಯರೂ ಮಾಡುತ್ತಾರೆ. ಏನಾಯಿತು ಅಂತ ಗೊತ್ತಾಗದಿದ್ದರೆ ಜನ ಸುಮ್ನೆ ಕೂರಲ್ಲ. ಬ್ಯಾಲೆನ್ಸ್ ನೋಡುತ್ತಾರೆ. ಆಪ್ ಮುಚ್ಚಿ ತೆರೆಯುತ್ತಾರೆ. ಇನ್ನೊಂದು ಸಲ ಕಳಿಸುತ್ತಾರೆ. ಅದೂ ಆಗದಿದ್ದರೆ ಬೇರೆ ಆಪ್‌ನಿಂದ ಕಳಿಸುತ್ತಾರೆ. ಮೊದಲೇ ಏದುಸಿರು ಬಿಡುತ್ತಿರುವ ಸರ್ವರ್ ಮೇಲೆ ಇದೆಲ್ಲ ಬೀಳುತ್ತದೆ. ‘ಪೆಂಡಿಂಗ್ ಅಂತ ಬಂದರೆ ಮತ್ತೆ ಕಳಿಸಬೇಡಿ’ ಅನ್ನುವ ಒಂದು ಸಾಲು ಸರಿಯಾದ ಹೊತ್ತಿಗೆ ಹೋದರೆ ಅಷ್ಟು ಹೊರೆ ಇಳಿಯುತ್ತದೆ. ಇಂಜಿನಿಯರಿಗೆ ಉಸಿರಾಡಲು ಜಾಗ ಸಿಗುತ್ತದೆ. ಗ್ರಾಹಕರ ದುಡ್ಡು ಎರಡೆರಡು ಸಲ ಕಟ್ ಆಗುವುದೂ ತಪ್ಪುತ್ತದೆ.

ಈ ಸಾಲನ್ನು ಸರಿಯಾಗಿ ಬರೆಯಬೇಕಾದರೆ ದುಡ್ಡು ಹೋಗುವ ದಾರಿ ಗೊತ್ತಿರಬೇಕು. ನಿಮಗೆ ಗೊತ್ತಿರುತ್ತದೆ. ಈ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ನಾನು ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ, ನನ್ನ ಆಪ್ ಅದನ್ನು ಎನ್‌ಪಿಸಿಐಗೆ ದಾಟಿಸುತ್ತದೆ. ಎನ್‌ಪಿಸಿಐ ಮೊದಲು ನನ್ನ ಬ್ಯಾಂಕಿಗೆ ಹೇಳಿ ದುಡ್ಡು ಕಟ್ ಮಾಡಿಸುತ್ತದೆ. ಆಮೇಲೆ ಅಂಗಡಿಯವರ ಬ್ಯಾಂಕಿಗೆ ಹೇಳಿ ಜಮಾ ಮಾಡಿಸುತ್ತದೆ. ‘ಜಮಾ ಆಯ್ತು’ ಅಂತ ಆ ಬ್ಯಾಂಕ್ ಉತ್ತರ ಕೊಟ್ಟ ಮೇಲೆ ನನ್ನ ಮೊಬೈಲಿನಲ್ಲಿ ಹಸಿರು ಟಿಕ್ ಬರುತ್ತದೆ. ಮೊದಲ ಬ್ಯಾಂಕಿನಲ್ಲೇ ಎಡವಿದರೆ ದುಡ್ಡು ಕಟ್ ಆಗಿರಲ್ಲ, ಪಾವತಿ ಫೇಲ್ ಆಗುತ್ತದೆ, ಕತೆ ಅಲ್ಲಿಗೇ ಮುಗಿಯಿತು. ಕಷ್ಟ ಇರುವುದು ಎರಡನೇ ಬ್ಯಾಂಕ್ ಉತ್ತರ ಕೊಡದೆ ಸುಮ್ಮನಾದಾಗ. ನನ್ನ ಖಾತೆಯಿಂದ ದುಡ್ಡು ಹೋಗಿದೆ. ಅಂಗಡಿಯವರಿಗೆ ಜಮಾ ಆಗಿಯೂ ಇರಬಹುದು, ಆಗದೆಯೂ ಇರಬಹುದು. ಉತ್ತರ ಮಾತ್ರ ಬಂದಿಲ್ಲ. ಆಪ್ ಇದನ್ನು ಪೆಂಡಿಂಗ್ ಅಂತ ತೋರಿಸುತ್ತದೆ.

ಅಂದರೆ ಫೇಲ್ ಬೇರೆ, ಪೆಂಡಿಂಗ್ ಬೇರೆ. ಫೇಲ್ ಆದರೆ ಮತ್ತೆ ಕಳಿಸಬಹುದು. ಪೆಂಡಿಂಗ್ ಆದರೆ ಕಳಿಸಬಾರದು, ಯಾಕೆಂದರೆ ಮೊದಲನೆಯದು ಅರ್ಧ ಗಂಟೆ ಬಿಟ್ಟು ಹೋಗಿ ತಲುಪಬಹುದು. ನೀವು ಬರೆಯುವ ‘ಕೆಲವು ಪಾವತಿಗಳಲ್ಲಿ ಸಮಸ್ಯೆ ಕಂಡುಬಂದಿದೆ’ ಅನ್ನುವ ಸಾಲು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ.

ಇದರ ಬಿಸಿ ತಟ್ಟುವುದು ಅಂಗಡಿಯ ಗಲ್ಲಾಪೆಟ್ಟಿಗೆ ಹತ್ತಿರ. ನಮ್ಮ ಬೀದಿಯ ಪ್ರಾವಿಷನ್ ಸ್ಟೋರ್‌ನಲ್ಲಿ ಇಂಥ ಒಂದು ದಿನ ನಾನೂ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಹೆಂಗಸು ಮೊಬೈಲ್ ಎತ್ತಿ ತೋರಿಸಿ, ‘ಅಣ್ಣಾ, ಕಟ್ ಆಗಿದೆ ನೋಡಿ, 640 ರೂಪಾಯಿ’ ಅಂದರು. ಅಂಗಡಿಯವರು ಸೌಂಡ್‌ಬಾಕ್ಸ್ ಕಡೆ ನೋಡಿದರು. ಅದು ಗಪ್‌ಚುಪ್. ‘ಬಂದಿಲ್ಲ ಮೇಡಂ, ಇನ್ನೊಂದ್ಸಲ ಹಾಕಿ.’ ‘ಇನ್ನೊಂದ್ಸಲ ಹಾಕಿ ಎರಡೂ ಹೋದ್ರೆ?’ ‘ನಾನೇನ್ ಮಾಡ್ಲಿ ಮೇಡಂ, ಬರ್ಲಿಲ್ಲ ಅಂದ್ರೆ ಬರ್ಲಿಲ್ಲ.’ ಇಬ್ಬರೂ ಹೇಳಿದ್ದು ನಿಜವೇ. ಇಬ್ಬರೂ ಒಬ್ಬರ ಮೇಲೊಬ್ಬರು ಅನುಮಾನ ಪಟ್ಟುಕೊಂಡು ನಿಂತಿದ್ದರು. ಕೊನೆಗೆ ಆಕೆ ನಗದು ಕೊಟ್ಟು ಹೋದರು. ಅಂಗಡಿಯವರು ಚೀಟಿಯ ಮೇಲೆ ಆಕೆಯ ಫೋನ್ ನಂಬರ್ ಬರೆದುಕೊಂಡರು. ಆಮೇಲೆ ಬಂದರೆ ವಾಪಸ್ ಕೊಡ್ತೀನಿ ಅಂದರು. ಹತ್ತು ಬ್ಯಾಂಕುಗಳ ಸಂದೇಶಕ್ಕಿಂತ ಆ ಚೀಟಿಯಲ್ಲಿ ಹೆಚ್ಚು ಬುದ್ಧಿ ಇತ್ತು ಅನ್ನಿ.

ಆದ್ದರಿಂದ ನನ್ನ ಮೊದಲ ಕೋರಿಕೆ. ಆ ಅಂಗಡಿಯವರು ತಮ್ಮ ಮೊಬೈಲನ್ನು ತಿರುಗಿಸಿ ಗ್ರಾಹಕರಿಗೆ ತೋರಿಸುವ ಹಾಗೆ ನಿಮ್ಮ ಸಂದೇಶ ಇರಲಿ. ಯಾಕೆಂದರೆ ತೊಂದರೆ ಅಂಗಡಿಯವರ ಬ್ಯಾಂಕಿನಲ್ಲಿ ಇದ್ದರೆ, ಕಳಿಸುವವರು ಬೇರೆ ಬ್ಯಾಂಕಿನವರಾಗಿರುತ್ತಾರೆ. ಅವರಿಗೆ ನಿಮ್ಮ ಸಂದೇಶ ಬರುವುದೇ ಇಲ್ಲ. ನಿಮ್ಮ ಗ್ರಾಹಕರೇ ಅದನ್ನು ಅವರಿಗೆ ಓದಿ ಹೇಳಬೇಕು.

ಬರೀ ಹೇಳಿದರೆ ಸಾಲದು, ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. ಇದು ಕಲ್ಪಿಸಿಕೊಂಡ ದಿನ, ಕಲ್ಪಿಸಿಕೊಂಡ ಬ್ಯಾಂಕು. ಜೂನ್ 5, ಬೆಳಿಗ್ಗೆ 10 ಗಂಟೆ. ಬೇರೆ ಬ್ಯಾಂಕುಗಳಿಂದ ನಿಮ್ಮ ಖಾತೆಗಳಿಗೆ ಬರುವ ಯುಪಿಐ ದುಡ್ಡಿನ ಜಮಾ ನಿಧಾನವಾಗಿದೆ. ಹತ್ತರಲ್ಲಿ ಸುಮಾರು ಮೂರಕ್ಕೆ ಹೊತ್ತಿಗೆ ಸರಿಯಾಗಿ ಉತ್ತರ ಹೋಗುತ್ತಿಲ್ಲ. ನಿಮ್ಮ ಖಾತೆಯಿಂದ ಹೊರಗೆ ಕಳಿಸುವುದು ಸರಿಯಾಗಿದೆ. ಎಟಿಎಂ, ಕಾರ್ಡ್ ಸರಿಯಾಗಿವೆ. 10:15ರ ಹೊತ್ತಿಗೆ ನಿಮಗೆ ಇಷ್ಟು ಗೊತ್ತು. ಕಾರಣ ಗೊತ್ತಿಲ್ಲ. ಮೊದಲ ಸಂದೇಶಕ್ಕೆ ಇಷ್ಟು ಸಾಕು, ಕಾರಣಕ್ಕಾಗಿ ಕಾಯಬೇಡಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಜೂನ್ 5, ಬೆಳಿಗ್ಗೆ 10:20. ನಮ್ಮ ಬ್ಯಾಂಕಿನ ಖಾತೆಗಳಿಗೆ ಯುಪಿಐ ಮೂಲಕ ಬರುವ ದುಡ್ಡು 10 ಗಂಟೆಯಿಂದ ತಡವಾಗುತ್ತಿದೆ. ಸುಮಾರು ಹತ್ತರಲ್ಲಿ ಮೂರು ಪಾವತಿಗಳಿಗೆ ಹೀಗಾಗುತ್ತಿದೆ. ದುಡ್ಡು ಕಳಿಸಿದವರ ಮೊಬೈಲಿನಲ್ಲಿ ಪೆಂಡಿಂಗ್ ಅಂತ ಇದ್ದರೆ ದಯವಿಟ್ಟು ಮತ್ತೆ ಕಳಿಸುವುದು ಬೇಡ. ಆ ದುಡ್ಡು ಸ್ವಲ್ಪ ಹೊತ್ತಿಗೆ ನಿಮಗೆ ಬಂದು ಸೇರುತ್ತದೆ, ಇಲ್ಲವೇ ಕಳಿಸಿದವರಿಗೇ ವಾಪಸ್ ಹೋಗುತ್ತದೆ. ಫೇಲ್ ಅಂತ ಇದ್ದರೆ ಮತ್ತೆ ಕಳಿಸಬಹುದು. ನಿಮ್ಮ ಖಾತೆಯಿಂದ ಬೇರೆಯವರಿಗೆ ಕಳಿಸುವುದು, ಎಟಿಎಂ, ಕಾರ್ಡ್ ಎಂದಿನಂತೆ ಕೆಲಸ ಮಾಡುತ್ತಿವೆ. ಕಾರಣ ಇನ್ನೂ ಗೊತ್ತಾಗಿಲ್ಲ, ಹುಡುಕುತ್ತಿದ್ದೇವೆ. 10:50ಕ್ಕೆ ಮತ್ತೆ ತಿಳಿಸುತ್ತೇವೆ.’

ಇದರಲ್ಲಿ ಏನಿಲ್ಲ ಅಂತಲೂ ನೋಡಿ. ಸರ್ವರ್ ಹೆಸರಿಲ್ಲ. ಯಾವಾಗ ಸರಿಹೋಗುತ್ತದೆ ಅನ್ನುವ ಮಾತಿಲ್ಲ. ಅದು ನಿಮಗೂ ಗೊತ್ತಿಲ್ಲ, ಇಂಜಿನಿಯರಿಗೂ ಗೊತ್ತಿಲ್ಲ. ‘ಇನ್ನರ್ಧ ಗಂಟೆಯಲ್ಲಿ ಸರಿಹೋಗುತ್ತೆ’ ಅಂತ ಹೇಳಿ, ಅರ್ಧ ಗಂಟೆ ಬಿಟ್ಟು ಮತ್ತೆ ಅದನ್ನೇ ಹೇಳಿದರೆ, ಮೂರನೇ ಸಲ ನಿಮ್ಮ ಮಾತನ್ನು ಯಾರೂ ನಂಬಲ್ಲ. ಆದರೆ ಮುಂದಿನ ಸಂದೇಶ ಯಾವಾಗ ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲೇ ಇದೆ. ಅದನ್ನು ಗಡಿಯಾರ ನೋಡಿ ಹೇಳಿ, ಗಡಿಯಾರ ನೋಡಿ ಉಳಿಸಿಕೊಳ್ಳಿ. ‘ಶೀಘ್ರದಲ್ಲೇ’ ಅಂದರೆ ಜನ ಐದೈದು ನಿಮಿಷಕ್ಕೆ ಆಪ್ ತೆರೆದು ನೋಡುತ್ತಾರೆ. 10:50 ಅಂದರೆ 10:50ರ ತನಕ ಬೇರೆ ಕೆಲಸ ನೋಡಿಕೊಳ್ಳುತ್ತಾರೆ.

10:50 ಆಯಿತು ಅಂದುಕೊಳ್ಳಿ. ಹೊಸ ವಿಷಯ ಏನೂ ಇಲ್ಲ. ಇಲ್ಲಿ ಬಹಳಷ್ಟು ಜನ ಕೈಬಿಡುತ್ತಾರೆ. ಹೇಳುವುದಕ್ಕೇನೂ ಇಲ್ಲವಲ್ಲ, ಏನಾದರೂ ಸಿಕ್ಕಿದ ಮೇಲೆ ಹಾಕೋಣ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ‘10:50. ಪರಿಸ್ಥಿತಿ ಹಾಗೇ ಇದೆ, ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಕಾರಣ ಇನ್ನೂ ಸಿಕ್ಕಿಲ್ಲ. ಪೆಂಡಿಂಗ್ ಇರುವುದನ್ನು ಮತ್ತೆ ಕಳಿಸಬೇಡಿ. ಮುಂದಿನ ಸುದ್ದಿ 11:20ಕ್ಕೆ.’ ಇಷ್ಟೇ ಸಾಕು. ಇದರಿಂದ ಗ್ರಾಹಕರಿಗೆ ಒಂದು ಖಾತ್ರಿ ಆಗುತ್ತದೆ, ಆ ಕಡೆ ಯಾರೋ ಎಚ್ಚರವಾಗಿದ್ದಾರೆ ಅಂತ.

ಇನ್ನು ಮ್ಯಾನೇಜರುಗಳ ವಿಷಯ. ಹತ್ತರಲ್ಲಿ ಮೂರು ಅನ್ನುವುದನ್ನು ಅವರು ಮೊದಲು ಹೊಡೆದು ಹಾಕುತ್ತಾರೆ. ಅಲ್ಲಿ ‘ಕೆಲವು ಗ್ರಾಹಕರು’ ಅಂತ ಬರುತ್ತದೆ. ‘ಕಾರಣ ಗೊತ್ತಿಲ್ಲ’ ಅನ್ನುವುದೂ ಹೋಗುತ್ತದೆ, ಅದರ ಜಾಗಕ್ಕೆ ‘ನಮ್ಮ ತಜ್ಞರ ತಂಡ ಪರಿಶೀಲಿಸುತ್ತಿದೆ’ ಬರುತ್ತದೆ. ಸಂಖ್ಯೆ ಹೇಳಿದರೆ ಪೇಪರಿನವರು ಹಿಡಿದುಕೊಳ್ಳುತ್ತಾರೆ ಅನ್ನುವುದು ಅವರ ಭಯ. ಅವರಿಗೆ ಹೀಗೆ ಹೇಳಿ. ಎನ್‌ಪಿಸಿಐ ತನ್ನ ವೆಬ್‌ಸೈಟಿನಲ್ಲಿ ತಿಂಗಳು ತಿಂಗಳೂ ದೊಡ್ಡ ಬ್ಯಾಂಕುಗಳ ಪಟ್ಟಿ ಹಾಕುತ್ತದೆ. ತಾಂತ್ರಿಕ ಕಾರಣಕ್ಕೆ ಶೇಕಡಾ ಎಷ್ಟು ಪಾವತಿ ಬಿದ್ದುಹೋಯಿತು, ತಪ್ಪು ಪಿನ್ ಅಥವಾ ಖಾತೆಯಲ್ಲಿ ದುಡ್ಡಿಲ್ಲದ ಕಾರಣಕ್ಕೆ ಎಷ್ಟು ಅಂತ ಬ್ಯಾಂಕಿನ ಹೆಸರು ಸಮೇತ ಅದರಲ್ಲಿ ಇರುತ್ತದೆ. ತಿಂಗಳ ಕೊನೆಗೆ ಊರಿಗೆಲ್ಲ ಗೊತ್ತಾಗುವುದನ್ನು ಈ ಹೊತ್ತಿನಲ್ಲಿ ಮುಚ್ಚಿಟ್ಟು ಏನು ಸಿಗುತ್ತೆ?

ಹತ್ತರಲ್ಲಿ ಮೂರು ಅಂತ ಗೊತ್ತಾದರೆ ಅಂಗಡಿಯವರು ಒಂದು ತೀರ್ಮಾನಕ್ಕೆ ಬರಬಹುದು. ಮೂರೇ ಆದರೆ ಯುಪಿಐ ತೆಗೆದುಕೊಳ್ಳುತ್ತಲೇ ಇರೋಣ, ಏಳೆಂಟು ಆದರೆ ನಗದು ಮಾತ್ರ ಅಂತ ಬೋರ್ಡ್ ಇಡೋಣ ಅಂತ. ‘ಕೆಲವು’ ಅಂದರೆ ಅವರು ಏನು ಮಾಡಬೇಕು? ಒಂದು ಎಚ್ಚರಿಕೆ ಮಾತ್ರ ಇರಲಿ. ಸಂಖ್ಯೆ ಕೈಯಲ್ಲಿ ಇದ್ದರೆ ಕೊಡಿ. ಇಲ್ಲದಿದ್ದರೆ ‘ಎಷ್ಟು ಅಂತ ಇನ್ನೂ ಲೆಕ್ಕ ಸಿಕ್ಕಿಲ್ಲ’ ಅನ್ನಿ. ಗ್ರಾಫ್ ನೋಡದೆ ಅಂದಾಜಿಗೆ ಸಂಖ್ಯೆ ಬರೆಯುವುದಕ್ಕಿಂತ ಅದೇ ವಾಸಿ.

‘ಏನು ಕೆಲಸ ಮಾಡುತ್ತಿದೆ’ ಅನ್ನುವ ಸಾಲಿಗೂ ಇದೇ ಮಾತು. ಉದಾಹರಣೆಗೆ ಯುಪಿಐ ಲೈಟ್. ಅದರಲ್ಲಿ ಒಂದು ಸಲಕ್ಕೆ 1,000 ರೂಪಾಯಿ ತನಕ ಪಿನ್ ಇಲ್ಲದೆ ಕಳಿಸಬಹುದು. ಪ್ರತಿ ಸಲ ಬ್ಯಾಂಕಿನ ಮುಖ್ಯ ಖಾತೆಯನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಕಳಿಸುವವರ ಬ್ಯಾಂಕ್ ನಿಧಾನವಾದಾಗ ‘ಲೈಟ್ ಬಳಸಿ’ ಅಂತ ಬರೆಯುವ ಆಸೆ ಆಗುತ್ತದೆ. ಬರೆಯುವ ಮುಂಚೆ ಪಕ್ಕದಲ್ಲಿ ಕೂತವರ ಮೊಬೈಲಿನಿಂದ ಹತ್ತು ರೂಪಾಯಿ ಕಳಿಸಿ ನೋಡಿ. ಹೋದರೆ ಬರೆಯಿರಿ. ಕೆಲಸ ಮಾಡುತ್ತೆ ಅಂತ ನೀವು ಬರೆದ ದಾರಿಯೂ ಮುಚ್ಚಿದ್ದರೆ ಗ್ರಾಹಕರ ಸಿಟ್ಟು ದುಪ್ಪಟ್ಟಾಗುತ್ತದೆ.

ಸಂದೇಶ ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ಎಕ್ಸ್‌ನಲ್ಲಿ ಹಾಕಿದ್ದನ್ನು ಪ್ರಾವಿಷನ್ ಸ್ಟೋರ್‌ನವರು ನೋಡಲ್ಲ. ಅವರು ನೋಡುವುದು ವ್ಯಾಪಾರದ ಆಪ್‌ನ ಮೊದಲ ಪರದೆ. ಕೇಳುವುದು ಸೌಂಡ್‌ಬಾಕ್ಸ್. ‘ದುಡ್ಡು ಬರುವುದು ತಡವಾಗುತ್ತಿದೆ’ ಅಂತ ಅದೇ ಬಾಕ್ಸ್ ಕನ್ನಡದಲ್ಲಿ ಒಂದು ಸಲ ಹೇಳಿಬಿಟ್ಟರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಸ್ಥಿತಿ ತಿಳಿಸುವ ಪುಟ ಕೆಟ್ಟಿರುವ ಯಂತ್ರದ ಮೇಲೆಯೇ ಓಡುತ್ತಿರಬಾರದು. ಇದು ದೊಡ್ಡವರಿಗೂ ಆಗಿದೆ. 2017ರ ಫೆಬ್ರವರಿ 28ರಂದು ಅಮೆಜಾನಿನ ಎಸ್3 ಅನ್ನುವ ಸ್ಟೋರೇಜ್ ಸೇವೆ ಬಿದ್ದಾಗ, ಅವರ ಸ್ಥಿತಿ ಪುಟವನ್ನು ಬದಲಾಯಿಸುವ ವ್ಯವಸ್ಥೆಯೂ ಅದೇ ಎಸ್3 ಮೇಲೆ ನಿಂತಿತ್ತು. ಹಾಗಾಗಿ ಎಲ್ಲ ಕೆಟ್ಟಿರುವಾಗಲೂ ಪುಟದಲ್ಲಿ ಹಸಿರು ಗುರುತೇ ಇತ್ತು. ಅವರು ಟ್ವಿಟರ್‌ನಲ್ಲಿ ಬರೆದು ತಿಳಿಸಬೇಕಾಯಿತು. 2025ರ ಜೂನ್ 12ರಂದು ಗೂಗಲ್ ಕ್ಲೌಡ್‌ಗೂ ಇದೇ ಗತಿ. ಸ್ಥಿತಿ ಪುಟವೇ ಪೆಟ್ಟು ತಿಂದಿದ್ದರಿಂದ ಮೊದಲ ಸಂದೇಶ ಹಾಕಲು ಸುಮಾರು ಒಂದು ಗಂಟೆ ಹಿಡಿಯಿತು. ನಿಮ್ಮ ಆಪ್ ತೆರೆಯುವುದೇ ಇಲ್ಲ ಅಂದರೆ ಆಪ್ ಒಳಗಿನ ಬ್ಯಾನರ್‌ನಿಂದ ಏನು ಪ್ರಯೋಜನ? ಅಂಥ ಹೊತ್ತಿಗೆ ಎಸ್ಸೆಮ್ಮೆಸ್ಸೇ ಗತಿ.

ಎಸ್ಸೆಮ್ಮೆಸ್ ಅಂದಾಗ ಕನ್ನಡಕ್ಕೆ ಒಂದು ಪ್ರತ್ಯೇಕ ತೊಡಕಿದೆ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಕೊನೇ ಗಳಿಗೆಯಲ್ಲಿ ಗೊತ್ತಾಗುತ್ತದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಎಸ್ಸೆಮ್ಮೆಸ್ ಒಂದರಲ್ಲಿ 160 ಅಕ್ಷರ ಹಿಡಿಯುತ್ತವೆ, ಕನ್ನಡದಲ್ಲಿ 70 ಮಾತ್ರ. ಆ 70ರಲ್ಲಿ ಗುಣಿತದ ಗುರುತು, ಒತ್ತು, ಅನುಸ್ವಾರ ಎಲ್ಲ ಬೇರೆ ಬೇರೆ ಲೆಕ್ಕ. ‘ಕ್ಕೆ’ ಅಂತ ಬರೆದರೆ ನಾಲ್ಕು ಹೋಯಿತು. 70 ದಾಟಿದರೆ ಎರಡು ಸಂದೇಶದ ದುಡ್ಡು. ಲಕ್ಷಗಟ್ಟಲೆ ಗ್ರಾಹಕರಿಗೆ ಕಳಿಸುವಾಗ ಯಾರೋ ಒಬ್ಬರು ಲೆಕ್ಕ ಹಾಕಿ ‘ಇಂಗ್ಲಿಷ್‌ನಲ್ಲೇ ಕಳಿಸಿಬಿಡಿ’ ಅನ್ನುತ್ತಾರೆ. ಆದರೆ ಚಿಕ್ಕದಾಗಿ ಬರೆದರೆ ಕನ್ನಡವೂ ಹಿಡಿಯುತ್ತದೆ:

‘10ರಿಂದ ಯುಪಿಐ ಹಣ ತಡ. ಮತ್ತೆ ಕಳಿಸಬೇಡಿ. ಮುಂದಿನ ಸುದ್ದಿ 10:50ಕ್ಕೆ.’

ಎಣಿಸಿ ನೋಡಿ, ಜಾಗ, ಚುಕ್ಕಿ ಎಲ್ಲ ಸೇರಿ 60. ಬ್ಯಾಂಕಿನ ಹೆಸರು ಹೇಗೂ ಕಳಿಸಿದವರ ಜಾಗದಲ್ಲಿ ಬಂದಿರುತ್ತದೆ. ಇನ್ನೊಂದು ವಿಷಯ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದ ಪ್ರಕಾರ ಕಂಪನಿಗಳು ಕಳಿಸುವ ಎಸ್ಸೆಮ್ಮೆಸ್‌ನ ಪಠ್ಯ ಮೊದಲೇ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ದಾಖಲಾಗಿರಬೇಕು. ಹೊತ್ತು, ದಿನಾಂಕದಂಥ ಬದಲಾಗುವ ಜಾಗಗಳನ್ನು ಮಾತ್ರ ಖಾಲಿ ಬಿಡಬಹುದು. ಸೇವೆ ಕೆಟ್ಟ ದಿನ ಕೂತು ಹೊಸ ಕನ್ನಡ ಸಾಲು ಬರೆದರೆ ಅದು ಹೊರಡುವುದಿಲ್ಲ. ಎಲ್ಲ ಸರಿಯಿರುವ ದಿನವೇ ಮೂರ್ನಾಲ್ಕು ಸಾಲು ಬರೆದು ನೋಂದಣಿ ಮಾಡಿಸಿಡಬೇಕು. ಕನ್ನಡದಲ್ಲಿ ಸಂದೇಶ ಬರಲಿಲ್ಲ ಅಂದರೆ ಬಹಳ ಸಲ ಕಾರಣ ಇಷ್ಟೇ, ಯಾರೂ ಮೊದಲೇ ಮಾಡಿಸಿಟ್ಟಿಲ್ಲ.

ಮತ್ತೆ ಜೂನ್ 5ಕ್ಕೆ ಬರೋಣ. 11:10ಕ್ಕೆ ಇಂಜಿನಿಯರುಗಳು ಏನೋ ಸರಿ ಮಾಡಿದರು. ಹೊಸದಾಗಿ ಬರುವ ಪಾವತಿಗಳು ತಕ್ಷಣ ಜಮಾ ಆಗತೊಡಗಿದವು. ನಿಮ್ಮ ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ‘ಸಮಸ್ಯೆ ಬಗೆಹರಿದಿದೆ, ನಿಮ್ಮ ತಾಳ್ಮೆಗೆ ಧನ್ಯವಾದ’ ಅಂತ ಹಾಕಿ ಊಟಕ್ಕೆ ಹೋಗಿಬಿಡುವ ಹೊತ್ತು ಇದು. ಇಲ್ಲೇ ಅತಿ ದೊಡ್ಡ ಅಪ್ರಾಮಾಣಿಕತೆ ನುಸುಳುತ್ತದೆ. 10ರಿಂದ 11:10ರ ನಡುವೆ ಸಿಕ್ಕಿಹಾಕಿಕೊಂಡ ಪಾವತಿಗಳು ಇನ್ನೂ ಅಲ್ಲೇ ಇವೆ. ಅವನ್ನು ಒಂದೊಂದಾಗಿ ಹೊಂದಿಸಿ, ಜಮಾ ಆಗಿದೆಯಾ ಇಲ್ಲವಾ ನೋಡಿ, ವಾಪಸ್ ಕಳಿಸುವ ಕೆಲಸ ಈಗ ಶುರುವಾಗಬೇಕು. ನಿಮ್ಮ ಗ್ರಾಫ್ ಸರಿಹೋಗಿದೆ, 640 ರೂಪಾಯಿ ಕಟ್ ಆದ ಹೆಂಗಸಿನ ಪಾಲಿಗೆ ಏನೂ ಸರಿಹೋಗಿಲ್ಲ.

ಈ ಕೊನೆಯ ಸಂದೇಶಕ್ಕೆ ಬೇಕಾದ ನಿಯಮ ನಿಮ್ಮ ಕಪಾಟಿನಲ್ಲೇ ಇದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ. ಒಬ್ಬರಿಂದ ಇನ್ನೊಬ್ಬರಿಗೆ ಯುಪಿಐನಲ್ಲಿ ಕಳಿಸಿದ ದುಡ್ಡು ಕಟ್ ಆಗಿ, ಆ ಕಡೆ ಜಮಾ ಆಗದಿದ್ದರೆ, ತಡ ಅಂದರೆ ಮಾರನೇ ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ದಿನ ಅಂದರೆ ಕ್ಯಾಲೆಂಡರಿನ ದಿನ, ಭಾನುವಾರವೂ ಸೇರಿ. ಅದಕ್ಕೂ ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ಅದನ್ನು ಗ್ರಾಹಕರು ದೂರು ಕೊಡುವ ತನಕ ಕಾಯದೆ ಬ್ಯಾಂಕೇ ಖಾತೆಗೆ ಹಾಕಬೇಕು. ಈ 100 ರೂಪಾಯಿ ವಿಷಯ ಬ್ಯಾಂಕಿನವರಿಗೆಲ್ಲ ಗೊತ್ತು. ಸಂದೇಶಗಳಲ್ಲಿ ಮಾತ್ರ ನಾನು ಇದುವರೆಗೆ ನೋಡಿಲ್ಲ.

ಹಾಗಾಗಿ 11:20ರ ಸಂದೇಶ ನನ್ನ ಪ್ರಕಾರ ಹೀಗಿರಬೇಕು:

‘ಜೂನ್ 5, ಬೆಳಿಗ್ಗೆ 11:20. 11:10ರಿಂದ ಹೊಸ ಯುಪಿಐ ಪಾವತಿಗಳು ಸರಿಯಾಗಿ ಜಮಾ ಆಗುತ್ತಿವೆ. 10ರಿಂದ 11:10ರ ನಡುವೆ ಪೆಂಡಿಂಗ್ ಆದ ಪಾವತಿಗಳು ಇನ್ನೂ ಬಾಕಿ ಇವೆ, ಅವನ್ನು ಈಗ ಹೊಂದಿಸುತ್ತಿದ್ದೇವೆ. ಅವು ಜಮಾ ಆಗದಿದ್ದರೆ ಕಳಿಸಿದವರ ಖಾತೆಗೆ ತಾನಾಗಿ ವಾಪಸ್ ಹೋಗುತ್ತವೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ್ದು ಜೂನ್ 6ರೊಳಗೆ, ಅಂಗಡಿಗೆ ಕೊಟ್ಟದ್ದು ಜೂನ್ 10ರೊಳಗೆ. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ದೂರು ಕೊಡದೆಯೇ ಬರುತ್ತದೆ. ಅಂಗಡಿಯವರೇ, ಗ್ರಾಹಕರು ನಗದು ಕೊಟ್ಟ ಮೇಲೆ ಯುಪಿಐ ದುಡ್ಡೂ ಬಂದಿದ್ದರೆ ಆಪ್‌ನ ಪಟ್ಟಿಯಲ್ಲಿ 12 ಅಂಕೆಯ ಯುಟಿಆರ್ ನಂಬರ್ ಹೋಲಿಸಿ ನೋಡಿ ಅವರಿಗೆ ವಾಪಸ್ ಕೊಡಿ. ದುಡ್ಡು ವಾಪಸ್ ಬರಲು ಯಾರೂ ಪಿನ್ ಹಾಕಬೇಕಿಲ್ಲ. ಪಿನ್ ಅಥವಾ ಒಟಿಪಿ ಕೇಳಿ ಫೋನ್ ಬಂದರೆ ಅದು ಮೋಸ, 1930ಕ್ಕೆ ತಿಳಿಸಿ. ಬಾಕಿ ಪಾವತಿಗಳ ಲೆಕ್ಕವನ್ನು ಇವತ್ತು ಸಂಜೆ 6ಕ್ಕೆ ಹೇಳುತ್ತೇವೆ.’

ಮೋಸದ ಸಾಲನ್ನು ಸುಮ್ನೆ ಸೇರಿಸಿದ್ದಲ್ಲ. ದುಡ್ಡು ಸಿಕ್ಕಿಹಾಕಿಕೊಂಡವರು ಇಂಟರ್ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲಿ ಕಳ್ಳರು ತಮ್ಮ ನಂಬರ್ ಹಾಕಿಕೊಂಡು ಕಾದಿರುತ್ತಾರೆ. ‘ರೀಫಂಡ್ ಕಳಿಸ್ತಿದ್ದೀನಿ, ಪಿನ್ ಒತ್ತಿ’ ಅಂದರೆ ಗಾಬರಿಯಲ್ಲಿರುವವರು ಒತ್ತಿಬಿಡುತ್ತಾರೆ. ಅಂಗಡಿಯವರಿಗೂ ಬೇರೆ ಥರದ ಕಾಟ ಇದೆ. ಸೌಂಡ್‌ಬಾಕ್ಸ್ ಸುಮ್ಮನಿರುವ ದಿನ ನಕಲಿ ಹಸಿರು ಟಿಕ್ ತೋರಿಸಿ ಸಾಮಾನು ಎತ್ತಿಕೊಂಡು ಹೋಗುವುದು ಸುಲಭ. ಹಾಗಾಗಿ ಅವರಿಗೆ ಹೋಗುವ ಸಂದೇಶದಲ್ಲಿ ‘ಗ್ರಾಹಕರ ಪರದೆ ನೋಡಿ ನಂಬಬೇಡಿ, ನಿಮ್ಮ ಆಪ್‌ನ ಪಟ್ಟಿಯಲ್ಲಿ ಬಂದಿದೆಯಾ ನೋಡಿ’ ಅಂತ ಮೊದಲ ಸಂದೇಶದಿಂದಲೇ ಇರಬೇಕು.

ಸಂಜೆ 6ರ ಮಾತನ್ನೂ ಮರೆಯಬೇಡಿ. ಆ ಹೊತ್ತಿಗೆ ಇಷ್ಟು ಪಾವತಿ ಸಿಕ್ಕಿಹಾಕಿಕೊಂಡಿತ್ತು, ಇಷ್ಟು ಜಮಾ ಆಯಿತು, ಇಷ್ಟು ವಾಪಸ್ ಹೋಯಿತು, ಇಷ್ಟು ಬಾಕಿ ಇದೆ ಅಂತ ನಾಲ್ಕು ಸಂಖ್ಯೆ ಸಾಕು. ಅಷ್ಟರಲ್ಲಿ ಕಾರಣ ಗೊತ್ತಾಗಿದ್ದರೆ ಅದನ್ನೂ ಎರಡು ಸಾಲಿನಲ್ಲಿ ಹೇಳಿ. ‘ಬೆಳಿಗ್ಗೆ ಹಾಕಿದ ಹೊಸ ಸಾಫ್ಟ್‌ವೇರ್ ಜಮಾ ಮಾಡುವ ಕೆಲಸವನ್ನು ನಿಧಾನ ಮಾಡಿತ್ತು, ಅದನ್ನು ತೆಗೆದು ಹಳೆಯದನ್ನು ಹಾಕಿದ್ದೇವೆ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ‘ಪಾಲುದಾರ ಬ್ಯಾಂಕಿನ ಕಡೆಯ ತೊಂದರೆ’ ಅಂತ ಬೊಟ್ಟು ತೋರಿಸಿದರೆ ನಮಗೇನೂ ಸಿಗಲ್ಲ. ನಾವು ಖಾತೆ ತೆರೆದದ್ದು ನಿಮ್ಮಲ್ಲಿ.

ಇಷ್ಟೆಲ್ಲ ಒಂದೇ ದಿನದಲ್ಲಿ ಆಗಲ್ಲ, ಗೊತ್ತು. ಮೊದಲು ಮೂರು ಕನ್ನಡ ಸಾಲು ಬರೆದು ಡಿಎಲ್‌ಟಿಯಲ್ಲಿ ನೋಂದಣಿ ಮಾಡಿಸಿ. ಒಂದು ‘ತಡವಾಗುತ್ತಿದೆ, ಮತ್ತೆ ಕಳಿಸಬೇಡಿ’ ಅನ್ನುವುದಕ್ಕೆ. ಒಂದು ‘ಪರಿಸ್ಥಿತಿ ಹಾಗೇ ಇದೆ’ ಅನ್ನುವುದಕ್ಕೆ. ಇನ್ನೊಂದು ವಾಪಸ್ ಬರುವ ದಿನಾಂಕ ಮತ್ತು ಆ 100 ರೂಪಾಯಿ ಹೇಳುವುದಕ್ಕೆ. ಮೂರನೆಯದಕ್ಕೆ ನಿಮ್ಮ ಕಾನೂನು ವಿಭಾಗದವರು ತಕರಾರು ತೆಗೆದರೆ 2019ರ ಸುತ್ತೋಲೆಯನ್ನೇ ಅವರ ಮೇಜಿನ ಮೇಲಿಡಿ.

ಇಂತಿ,
ಹಿಂದೊಮ್ಮೆ ನಿಮ್ಮ ಕುರ್ಚಿಯಲ್ಲಿ ಕೂತಿದ್ದ, ಈಗ ಅಂಗಡಿಯ ಸಾಲಿನಲ್ಲಿ ನಿಲ್ಲುವ ಒಬ್ಬ ಗ್ರಾಹಕ